ಪರದೆಯ ಮೇಲಿದ್ದ ಬಣ್ಣ ಹಾಳೆಯ ಮೇಲಿಲ್ಲ: ವರ್ಡ್ ದಸ್ತಾವೇಜಿನ ಹಿನ್ನೆಲೆ ಮುದ್ರಣ

ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಪಂಪಿನ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಘಟಕದ ಕಚೇರಿಯಲ್ಲಿ ಮೈಕ್ರೋಸಾಫ್ಟ್ ವರ್ಡ್ ತಂತ್ರಾಂಶದಲ್ಲಿ ಒಂದು ದರಪಟ್ಟಿ ಸಿದ್ಧವಾಗುತ್ತದೆ. ನೋಡುವವರ ಕಣ್ಣಿಗೆ ಹಿತವಾಗಲೆಂದು ಪುಟಕ್ಕೆ ಕಡುನೀಲಿ ಹಿನ್ನೆಲೆ ಕೊಡಲಾಗಿದೆ. ನಡುವೆ ಬಿಳಿಯ ಕೋಷ್ಟಕ, ಅದರೊಳಗೆ ಕಪ್ಪು ಅಕ್ಷರಗಳಲ್ಲಿ ಸರಕಿನ ವಿವರ ಮತ್ತು ದರ. ಕೋಷ್ಟಕದ ಮೇಲ್ಗಡೆ ಘಟಕದ ಹೆಸರು, ಕೆಳಗಡೆ ಮೂರು ಸಾಲಿನ ಷರತ್ತುಗಳು: ದರವು ಗೋದಾಮಿನ ಬಾಗಿಲಿನವರೆಗೆ ಮಾತ್ರ, ಪ್ಯಾಕಿಂಗ್ ಮತ್ತು ಸಾಗಣೆ ವೆಚ್ಚ ಪ್ರತ್ಯೇಕ, ದರವು 30 ದಿನ ಮಾತ್ರ ಊರ್ಜಿತ. ನೀಲಿಯ ಮೇಲೆ ಎದ್ದು ಕಾಣಲೆಂದು ಇವುಗಳನ್ನು ಬಿಳಿ ಅಕ್ಷರಗಳಲ್ಲಿ ಬರೆಯಲಾಗಿದೆ. ಕಡತವನ್ನು ಮಿಂಚಂಚೆಯ ಮೂಲಕ ವಿಜಯಪುರದ ಒಬ್ಬ ವರ್ತಕರಿಗೆ ಕಳುಹಿಸಲಾಗುತ್ತದೆ.

ವರ್ತಕರ ಕಚೇರಿಯ ಗುಮಾಸ್ತರು ಕಡತವನ್ನು ತೆರೆದು ನೋಡದೆಯೇ ಎಂಬಷ್ಟು ಅವಸರದಲ್ಲಿ ಮುದ್ರಣಕ್ಕೆ ಕೊಟ್ಟು, ಹಾಳೆಯನ್ನು ಯಜಮಾನರ ಮೇಜಿನ ಮೇಲಿಡುತ್ತಾರೆ. ಹಾಳೆಯ ಮೇಲೆ ಕೋಷ್ಟಕ ಸ್ಪಷ್ಟವಾಗಿದೆ, ದರಗಳಿವೆ. ನೀಲಿ ಬಣ್ಣ ಮಾತ್ರ ಇಲ್ಲ. ನೀಲಿಯಿಲ್ಲದ ಮೇಲೆ ಅದರ ಮೇಲಿನ ಬಿಳಿ ಅಕ್ಷರಗಳು ಬಿಳಿಯ ಕಾಗದದಲ್ಲಿ ಕಾಣುವುದಾದರೂ ಹೇಗೆ? ಘಟಕದ ಹೆಸರೂ ಇಲ್ಲ, ಮೂರು ಷರತ್ತುಗಳೂ ಇಲ್ಲ. ಇಂಪೆಲ್ಲರ್ ಒಂದಕ್ಕೆ ರೂ. 480ರಂತೆ 250ಕ್ಕೆ ಬೇಡಿಕೆ ಹೋಗುತ್ತದೆ, ಒಟ್ಟು ರೂ. 1,20,000. ಸರಕು ತಲುಪಿದಾಗ ಬಿಲ್ಲಿನಲ್ಲಿ ಪ್ಯಾಕಿಂಗ್ ಮತ್ತು ಸಾಗಣೆಯ ಬಾಬತ್ತು ರೂ. 6,500 ಸೇರಿರುತ್ತದೆ. ತಮಗೆ ಬಂದ ದರಪಟ್ಟಿಯಲ್ಲಿ ಆ ಮಾತೇ ಇರಲಿಲ್ಲವೆಂದು ವರ್ತಕರು ಹಾಳೆಯನ್ನು ತೋರಿಸುತ್ತಾರೆ, ಬರೆದೇ ಕಳುಹಿಸಿದ್ದೇವೆಂದು ತಯಾರಕರು ಪರದೆಯನ್ನು ತೋರಿಸುತ್ತಾರೆ. ಇಬ್ಬರೂ ಹೇಳುವುದು ನಿಜ.

ಇಂಥ ಪ್ರಸಂಗದಲ್ಲಿ ಮೊದಲು ಸಂಶಯ ಹೋಗುವುದು ಪ್ರಿಂಟರಿನ ಮೇಲೆ. ಟೋನರ್ ಕಾರ್ಟ್ರಿಜ್ ತೆಗೆದು ಅಲುಗಾಡಿಸುವುದು, ಚಾಲಕ ತಂತ್ರಾಂಶವನ್ನು ಮತ್ತೆ ಅಳವಡಿಸುವುದು, ದುರಸ್ತಿಯವರನ್ನು ಕರೆಸುವುದು ಇವೆಲ್ಲ ನಡೆಯುತ್ತವೆ. ಆದರೆ ಪ್ರಿಂಟರಿನಲ್ಲಿ ಯಾವ ದೋಷವೂ ಇರುವುದಿಲ್ಲ. ಹಿನ್ನೆಲೆ ಬಣ್ಣವನ್ನು ಮುದ್ರಿಸಬೇಕೆಂಬ ಆದೇಶವೇ ಅದಕ್ಕೆ ತಲುಪಿರುವುದಿಲ್ಲ.

ಬಣ್ಣ ಕಡತದಲ್ಲಿ, ಅನುಮತಿ ಗಣಕಯಂತ್ರದಲ್ಲಿ

ವರ್ಡ್‌ನಲ್ಲಿ ಪುಟದ ಹಿನ್ನೆಲೆಗೆ ಬಣ್ಣ ಕೊಡುವುದು Design ಎಂಬ ಪಟ್ಟಿಯಲ್ಲಿರುವ Page Color ಗುಂಡಿಯ ಮೂಲಕ. 2007 ಮತ್ತು 2010ರ ಆವೃತ್ತಿಗಳಲ್ಲಿ ಇದೇ ಗುಂಡಿ Page Layout ಪಟ್ಟಿಯಲ್ಲಿತ್ತು. ಅಲ್ಲಿಯೇ Fill Effects ಎಂಬುದನ್ನು ಆರಿಸಿದರೆ ಒಂದರೊಳಗೊಂದು ಕರಗುವ ಬಣ್ಣಗಳು, ಮರ ಅಥವಾ ಬಟ್ಟೆಯಂಥ ಮೇಲ್ಮೈ, ಇಲ್ಲವೇ ತಮ್ಮದೇ ಒಂದು ಚಿತ್ರವನ್ನು ಹಿನ್ನೆಲೆಯಾಗಿ ಇಡಬಹುದು. ಹೀಗೆ ಆರಿಸಿದ ಬಣ್ಣವಾಗಲಿ ಚಿತ್ರವಾಗಲಿ ಕಡತದ ಒಳಗೇ ದಾಖಲಾಗುತ್ತದೆ. ಕಡತ ಎಲ್ಲಿಗೆ ಹೋದರೂ ಅದು ಜೊತೆಯಲ್ಲಿ ಹೋಗುತ್ತದೆ, ಯಾವ ಗಣಕಯಂತ್ರದಲ್ಲಿ ತೆರೆದರೂ ಪರದೆಯ ಮೇಲೆ ಕಾಣುತ್ತದೆ.

ಆ ಹಿನ್ನೆಲೆಯನ್ನು ಮುದ್ರಿಸಬೇಕೇ ಬೇಡವೇ ಎಂಬ ತೀರ್ಮಾನ ಮಾತ್ರ ಕಡತದಲ್ಲಿ ಇರುವುದಿಲ್ಲ. ಅದು ಆಯಾ ಗಣಕಯಂತ್ರದಲ್ಲಿ, ಆಯಾ ಬಳಕೆದಾರರ ವರ್ಡ್ ತಂತ್ರಾಂಶದ ಆಯ್ಕೆಗಳಲ್ಲಿ ಇರುತ್ತದೆ. ತಯಾರಕರ ಕಚೇರಿಯಲ್ಲಿ ಯಾರೋ ಒಮ್ಮೆ ಆ ಅನುಮತಿಯನ್ನು ಕೊಟ್ಟಿದ್ದರೆ ಅಲ್ಲಿ ದರಪಟ್ಟಿ ನೀಲಿಯಾಗಿಯೇ ಮುದ್ರಣಗೊಳ್ಳುತ್ತದೆ, ಎಲ್ಲೆಡೆಯೂ ಹಾಗೆಯೇ ಬರುತ್ತದೆಂಬ ನಂಬಿಕೆಯೂ ಬೆಳೆಯುತ್ತದೆ. ಹೊಸದಾಗಿ ಅಳವಡಿಸಿದ ವರ್ಡ್‌ನಲ್ಲಿ ಈ ಅನುಮತಿ ಇರುವುದಿಲ್ಲ. ಆದ್ದರಿಂದ ಎಂದೂ ಅದನ್ನು ಬದಲಿಸದ ಕಚೇರಿಗೆ ಹೋದ ಅದೇ ಕಡತ ಬಿಳಿಯಾಗಿ ಹೊರಬರುತ್ತದೆ. ಒಂದೇ ಕಚೇರಿಯ ಎರಡು ಮೇಜುಗಳ ನಡುವೆಯೂ, ಒಂದೇ ಗಣಕಯಂತ್ರವನ್ನು ಬೇರೆ ಬೇರೆ ಹೆಸರಿನಲ್ಲಿ ಪ್ರವೇಶಿಸುವ ಇಬ್ಬರು ನೌಕರರ ನಡುವೆಯೂ ಈ ವ್ಯತ್ಯಾಸ ಕಾಣಬಹುದು. “ನಿನ್ನೆ ಬಂದಿತ್ತು, ಇವತ್ತು ಬರುತ್ತಿಲ್ಲ” ಎಂಬ ದೂರಿಗೆ ಅನೇಕ ವೇಳೆ ಇದಕ್ಕಿಂತ ಗಹನವಾದ ಕಾರಣ ಇರುವುದಿಲ್ಲ.

ಅನುಮತಿ ಕೊಡುವ ಬಗೆ ಸುಲಭ. 2010 ಮತ್ತು ಅನಂತರದ ಆವೃತ್ತಿಗಳಲ್ಲಿ File ಪಟ್ಟಿಯನ್ನು ತೆರೆದು, ಎಡಬದಿಯ ಕೆಳತುದಿಯಲ್ಲಿರುವ Options ಆರಿಸಬೇಕು. ತೆರೆಯುವ ಕಿಟಕಿಯ ಎಡಬದಿಯಲ್ಲಿ Display ಎಂಬುದನ್ನು ಒತ್ತಿದರೆ, ಬಲಬದಿಯ ಕೆಳಭಾಗದಲ್ಲಿ Printing options ಎಂಬ ಶೀರ್ಷಿಕೆಯಡಿ ಕೆಲವು ಸಣ್ಣ ಚೌಕಗಳು ಕಾಣುತ್ತವೆ. ಅವುಗಳಲ್ಲಿ Print background colors and images ಎಂಬ ಚೌಕದಲ್ಲಿ ಸರಿ ಗುರುತು ಹಾಕಿ, OK ಒತ್ತಬೇಕು. 2007ರ ಆವೃತ್ತಿಯಲ್ಲಿ ಮೇಲಿನ ಎಡ ಮೂಲೆಯ ದುಂಡನೆಯ ಆಫೀಸ್ ಗುಂಡಿಯನ್ನು ಒತ್ತಿ Word Options ಆರಿಸಿದರೆ ಇದೇ ಕಿಟಕಿ ಸಿಗುತ್ತದೆ. ಆಪಲ್ ಸಂಸ್ಥೆಯ ಮ್ಯಾಕ್ ಗಣಕಯಂತ್ರಗಳಲ್ಲಿ Word ಪಟ್ಟಿಯ Preferences ತೆರೆದು, Print ವಿಭಾಗದಲ್ಲಿ ಇದೇ ಹೆಸರಿನ ಆಯ್ಕೆಯನ್ನು ಹುಡುಕಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅದೇ Options ಕಿಟಕಿಯ Advanced ವಿಭಾಗದಲ್ಲಿ Print in background ಎಂಬ ಇನ್ನೊಂದು ಚೌಕವಿದೆ. ಹೆಸರಿನಲ್ಲಿ background ಇರುವುದರಿಂದ ಹಲವರು ಇದನ್ನೇ ಗುರುತು ಮಾಡಿ, ಫಲ ಕಾಣದೆ ನಿರಾಶರಾಗುತ್ತಾರೆ. ಅದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಮುದ್ರಣ ನಡೆಯುತ್ತಿರುವಾಗಲೇ ಬಳಕೆದಾರರು ವರ್ಡ್‌ನಲ್ಲಿ ಬೇರೆ ಕೆಲಸ ಮುಂದುವರಿಸಲು ಅವಕಾಶ ಕೊಡುವುದಷ್ಟೇ ಅದರ ಕೆಲಸ.

ಗುರುತು ಹಾಕಿದ್ದು ಫಲಿಸಿತೇ ಎಂದು ತಿಳಿಯಲು ಕಾಗದ ಖರ್ಚು ಮಾಡಬೇಕಾಗಿಲ್ಲ. File ಪಟ್ಟಿಯ Print ಒತ್ತಿದಾಗ ಬಲಬದಿಯಲ್ಲಿ ಕಾಣುವ ಮುನ್ನೋಟ ಈ ಆಯ್ಕೆಯನ್ನು ಅನುಸರಿಸುತ್ತದೆ. ಅನುಮತಿ ಇಲ್ಲದಿದ್ದರೆ ಮುನ್ನೋಟದ ಪುಟ ಬಿಳಿಯಾಗಿರುತ್ತದೆ, ಇದ್ದರೆ ಬಣ್ಣದೊಂದಿಗೆ ಕಾಣುತ್ತದೆ. ವಿಜಯಪುರದ ಗುಮಾಸ್ತರು ಒಂದು ಕ್ಷಣ ಆ ಮುನ್ನೋಟವನ್ನು ಬರೆಯುವ ಪರದೆಯೊಂದಿಗೆ ಹೋಲಿಸಿದ್ದರೆ ಷರತ್ತುಗಳು ಮಾಯವಾದದ್ದು ಅಲ್ಲಿಯೇ ಗೊತ್ತಾಗುತ್ತಿತ್ತು.

ಅನುಮತಿಯನ್ನು ತಡೆಹಿಡಿದಿರುವುದೇಕೆ

ಬಳಕೆದಾರರು ತಾವಾಗಿ ಆರಿಸಿದ ಬಣ್ಣವನ್ನು ತಂತ್ರಾಂಶವು ಮುದ್ರಿಸದೆ ಬಿಡುವುದು ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಇದರ ಹಿಂದೆ ಒಂದಿಷ್ಟು ಚರಿತ್ರೆಯಿದೆ, ಒಂದಿಷ್ಟು ಲೆಕ್ಕಾಚಾರವಿದೆ. ವರ್ಡ್‌ನ ಹಳೆಯ ಆವೃತ್ತಿಗಳಲ್ಲಿ ಪುಟದ ಹಿನ್ನೆಲೆಯೆಂಬುದು ಮುಖ್ಯವಾಗಿ ಪರದೆಯ ಮೇಲೆ ಓದುವ ದಸ್ತಾವೇಜುಗಳಿಗೂ ಅಂತರಜಾಲ ಪುಟಗಳಿಗೂ ಉದ್ದೇಶಿಸಿದ ಅಲಂಕಾರವಾಗಿತ್ತು. ಅದನ್ನು ಕಾಗದಕ್ಕೆ ಇಳಿಸುವ ಯೋಚನೆ ಅನಂತರ ಬಂದದ್ದು. ಅಂತರಜಾಲ ಪುಟಗಳನ್ನು ಮುದ್ರಿಸುವಾಗ ಬ್ರೌಸರುಗಳು ಇಂದಿಗೂ ಹಿನ್ನೆಲೆಯನ್ನು ಬಿಟ್ಟೇ ಮುದ್ರಿಸುತ್ತವೆ. ಕ್ರೋಮ್ ಬ್ರೌಸರಿನಲ್ಲಿ Background graphics ಎಂಬ ಚೌಕವನ್ನು ಪ್ರತ್ಯೇಕವಾಗಿ ಗುರುತು ಮಾಡಬೇಕಾಗಿರುವುದು ಇದೇ ಕಾರಣಕ್ಕೆ.

ಲೆಕ್ಕಾಚಾರ ಟೋನರಿನದು. ಕಾರ್ಟ್ರಿಜ್ ಪೆಟ್ಟಿಗೆಯ ಮೇಲೆ ನಮೂದಿಸುವ ಪುಟಗಳ ಸಂಖ್ಯೆ ಹಾಳೆಯ ಸುಮಾರು ಶೇ. 5 ಭಾಗ ಮಾತ್ರ ಶಾಯಿಯಿಂದ ತುಂಬುತ್ತದೆಂಬ ಲೆಕ್ಕದ ಮೇಲೆ ನಿಂತಿದೆ. ಬಣ್ಣದ ಪ್ರಿಂಟರಿನಲ್ಲಿ ಒಂದೊಂದು ಬಣ್ಣಕ್ಕೂ ಇದೇ ಅಳತೆ. ಸಾಧಾರಣ ಪತ್ರವೊಂದು ಹೆಚ್ಚು ಕಡಿಮೆ ಇಷ್ಟೇ ಶಾಯಿಯನ್ನು ಬಳಸುತ್ತದೆ. ಪುಟವಿಡೀ ಗಾಢ ಬಣ್ಣದಿಂದ ತುಂಬಿದರೆ ಆ ಬಣ್ಣದ ಮಟ್ಟಿಗೆ ಖರ್ಚು ಇಪ್ಪತ್ತು ಪಟ್ಟು. 2,000 ಪುಟಗಳೆಂದು ನಮೂದಿಸಿದ ಕಾರ್ಟ್ರಿಜ್ ಅಂಥ ಪುಟಗಳನ್ನು ಸರಿಸುಮಾರು 100 ಮಾತ್ರ ಕೊಡಬಲ್ಲದು. ಕಡುನೀಲಿ ಬಣ್ಣವಂತೂ ಒಂದೇ ಕಾರ್ಟ್ರಿಜ್‌ನಿಂದ ಬರುವುದಿಲ್ಲ. ಹಸಿರುಮಿಶ್ರಿತ ನೀಲಿ ಮತ್ತು ನೇರಳೆಗೆಂಪು ಎರಡೂ ಒಂದರ ಮೇಲೊಂದು ಬೀಳಬೇಕು, ಕೆಲವೊಮ್ಮೆ ಕಪ್ಪೂ ಸೇರುತ್ತದೆ. ಬೇರೆಯವರು ಕಳುಹಿಸಿದ ಅಲಂಕೃತ ಕಡತವೊಂದು ಕೇಳದೆಯೇ ತಮ್ಮ ಟೋನರನ್ನು ಬರಿದು ಮಾಡುವುದನ್ನು ಯಾವ ಕಚೇರಿಯೂ ಒಪ್ಪುವುದಿಲ್ಲ. ಆ ದೃಷ್ಟಿಯಿಂದ ಅನುಮತಿಯನ್ನು ತಡೆಹಿಡಿದಿರುವುದು ಜಾಣತನವೇ ಸರಿ. ತಂತ್ರಾಂಶದ ಕೊರತೆಯೆಂದು ಹೇಳಬೇಕಾದದ್ದು ಬೇರೆಯಿದೆ. ಹಿನ್ನೆಲೆಯನ್ನು ಬಿಟ್ಟಿರುವುದಾಗಿ ಮುದ್ರಣದ ವೇಳೆ ವರ್ಡ್ ಒಂದು ಮಾತಿನ ಸೂಚನೆಯನ್ನೂ ಕೊಡುವುದಿಲ್ಲ.

ಈ ಗುರುತನ್ನು ಒಮ್ಮೆ ಹಾಕಿ ಹಾಗೆಯೇ ಬಿಟ್ಟರೆ ಹಿನ್ನೆಲೆಯಿಲ್ಲದ ದಸ್ತಾವೇಜುಗಳ ಖರ್ಚೇನೂ ಏರುವುದಿಲ್ಲ. ಹೊರಗಿನಿಂದ ಬಣ್ಣದ ಕಡತಗಳು ಹೆಚ್ಚಾಗಿ ಬರುವ ಕಚೇರಿಗಳಲ್ಲಿ ಮಾತ್ರ ಕೆಲಸ ಮುಗಿದ ಬಳಿಕ ಗುರುತನ್ನು ತೆಗೆಯುವುದು ಒಳಿತು.

ಹಿನ್ನೆಲೆಯೆನಿಸಿದ್ದೆಲ್ಲ ಹಿನ್ನೆಲೆಯಲ್ಲ

ಹುಬ್ಬಳ್ಳಿಯ ದರಪಟ್ಟಿಯಲ್ಲಿ ಪುಟದ ನೀಲಿ ಹೋಯಿತು, ಕೋಷ್ಟಕ ಉಳಿಯಿತು. ಕೋಷ್ಟಕದ ಚೌಕಗಳಿಗೆ ನಸುಹಳದಿ ತುಂಬಿದ್ದರೆ ಆ ಹಳದಿಯೂ ಅನುಮತಿಯಿಲ್ಲದೆಯೇ ಮುದ್ರಣವಾಗುತ್ತಿತ್ತು. ಇದಕ್ಕೆ ಕಾರಣ, ಮೇಲೆ ಹೇಳಿದ ಆಯ್ಕೆಯ ಅಧಿಕಾರ Page Color ಮೂಲಕ ಬಂದ ಹಿನ್ನೆಲೆಗಷ್ಟೇ ಸೀಮಿತವಾಗಿರುವುದು. ಕೋಷ್ಟಕದ ಚೌಕಕ್ಕೆ ಅಥವಾ ವಾಕ್ಯವೃಂದಕ್ಕೆ Shading ಮೂಲಕ ತುಂಬಿದ ಬಣ್ಣವನ್ನೂ, ಅಕ್ಷರಗಳ ಮೇಲೆ ಎಳೆದ ಹೈಲೈಟ್ ಬಣ್ಣವನ್ನೂ ವರ್ಡ್ ಬರಹದ ಅಂಗವೆಂದೇ ಪರಿಗಣಿಸುತ್ತದೆ. ಪರದೆಯ ಮೇಲೆ ಎಲ್ಲವೂ ಬಣ್ಣವಾಗಿಯೇ ಕಾಣುವುದರಿಂದ ಈ ಭೇದ ಗಮನಕ್ಕೆ ಬರುವುದಿಲ್ಲ.

ಚಿತ್ರಗಳ ವಿಷಯ ಇನ್ನೊಂದು ಬಗೆಯದು. ವರ್ಡ್‌ನಲ್ಲಿಯೇ ಎಳೆದ ಆಯತ, ಬಾಣ, ಬರಹದ ಪೆಟ್ಟಿಗೆ ಮೊದಲಾದ ಆಕೃತಿಗಳು ಅದೇ Printing options ಶೀರ್ಷಿಕೆಯ Print drawings created in Word ಎಂಬ ಚೌಕಕ್ಕೆ ಅಧೀನ. ನಕಲು, ಮಾದರಿ ಮುಂತಾದ ಮಸುಕು ಬರಹವನ್ನು ಪುಟದ ಹಿಂದೆ ಮೂಡಿಸುವ Watermark ಕೂಡ ಪುಟದ ಶಿರೋಭಾಗದಲ್ಲಿ ಇರಿಸಿದ ಒಂದು ಆಕೃತಿಯೇ ಹೊರತು ಪುಟದ ಬಣ್ಣವಲ್ಲ. ಈ ಚೌಕದಲ್ಲಿ ಸಾಮಾನ್ಯವಾಗಿ ಮೊದಲೇ ಗುರುತು ಇರುತ್ತದೆ. ಪುಟದ ಬಣ್ಣ ಬಂದು, ಮಸುಕು ಬರಹ ಮತ್ತು ಪೆಟ್ಟಿಗೆಗಳು ಮಾತ್ರ ಬಾರದಿದ್ದರೆ ಮುದ್ರಣ ಬೇಗ ಮುಗಿಯಲೆಂದು ಯಾರೋ ಆ ಗುರುತನ್ನು ತೆಗೆದಿರಬೇಕೆಂದು ಊಹಿಸಬಹುದು. Advanced ವಿಭಾಗದ Use draft quality ಎಂಬುದನ್ನೂ ಆಗ ಒಮ್ಮೆ ನೋಡುವುದು ಲೇಸು. ಅದು ಕರಡು ಪ್ರತಿಗಾಗಿ ಅಲಂಕಾರಗಳನ್ನು ಕಡಿತಗೊಳಿಸಿ ಮುದ್ರಿಸುವ ಆಯ್ಕೆ.

ಹಾಳೆಯೇ ದೋಷದ ನೆಲೆಯನ್ನು ಹೇಳುತ್ತದೆ. ಹಿನ್ನೆಲೆ ಪೂರ್ತಿ ಬಿಳಿಯಾಗಿ ಬಂದರೆ ವರ್ಡ್‌ನ ಆಯ್ಕೆಯನ್ನು ನೋಡಬೇಕು. ನೀಲಿಯ ಬದಲು ಬೂದು ಬಣ್ಣ ಬಂದರೆ ವರ್ಡ್ ತನ್ನ ಕೆಲಸ ಮಾಡಿದೆ, ಪ್ರಿಂಟರನ್ನು ಕಪ್ಪುಬಿಳುಪು ಮುದ್ರಣಕ್ಕೆ ಹೊಂದಿಸಲಾಗಿದೆ ಎಂದರ್ಥ. ನೀಲಿ ಬಂದು ಅಲ್ಲಲ್ಲಿ ಪಟ್ಟೆ ಪಟ್ಟೆಯಾಗಿದ್ದರೆ ಆಗ ಮಾತ್ರ ಕಾರ್ಟ್ರಿಜ್ ಅಥವಾ ಪ್ರಿಂಟರಿನ ಒಳಭಾಗವನ್ನು ಸಂಶಯಿಸಬೇಕು. ವರ್ಡ್‌ನ ಈಚಿನ ಆವೃತ್ತಿಗಳಲ್ಲಿ ಕಪ್ಪು ಪರದೆಯ ವೇಷವೊಂದಿದ್ದು, ಅದನ್ನು ಆರಿಸಿಕೊಂಡವರಿಗೆ ಪುಟವೇ ಕಪ್ಪಾಗಿ ಕಾಣುತ್ತದೆ. ಅದು ಕಣ್ಣಿನ ಅನುಕೂಲಕ್ಕಾಗಿ ಮಾಡಿದ ಏರ್ಪಾಡು. ಯಾವ ಗುರುತು ಹಾಕಿದರೂ ಅದು ಮುದ್ರಣವಾಗುವುದಿಲ್ಲ, ಆಗಬೇಕಾದ್ದೂ ಇಲ್ಲ.

ಅನುಮತಿ ಕೊಟ್ಟ ಮೇಲೂ ಉಳಿಯುವ ಮಿತಿಗಳು

ಗುರುತು ಹಾಕಿದ ಮೇಲೆ ನೀಲಿ ಬಂದರೂ ಹಾಳೆಯ ನಾಲ್ಕು ಅಂಚುಗಳಲ್ಲಿ ಸಣ್ಣದೊಂದು ಬಿಳಿ ಚೌಕಟ್ಟು ಉಳಿಯುತ್ತದೆ. ಪರದೆಯ ಮೇಲೆ ಬಣ್ಣ ಅಂಚಿನಿಂದ ಅಂಚಿಗೆ ಇದ್ದುದರಿಂದ ಇದು ದೋಷವೆನಿಸಬಹುದು. ಕಚೇರಿಯ ಪ್ರಿಂಟರುಗಳು ಕಾಗದದ ತೀರ ಅಂಚಿನವರೆಗೆ ಮುದ್ರಿಸಲಾರವು. ಸಾಮಾನ್ಯವಾಗಿ ನಾಲ್ಕೈದು ಮಿಲಿಮೀಟರ್ ಅಗಲದ ಪಟ್ಟಿಯನ್ನು ಅವು ಬಿಡಲೇಬೇಕು. ಕೆಲವು ಇಂಕ್‌ಜೆಟ್ ಪ್ರಿಂಟರುಗಳಲ್ಲಿ ಅಂಚುರಹಿತ ಮುದ್ರಣದ ಸೌಲಭ್ಯವಿದೆ. ಉಳಿದವರು ಬಿಳಿ ಚೌಕಟ್ಟನ್ನು ಒಪ್ಪಿಕೊಳ್ಳಬೇಕು, ಇಲ್ಲವೇ ದೊಡ್ಡ ಕಾಗದದಲ್ಲಿ ಮುದ್ರಿಸಿ ಅಂಚನ್ನು ಕತ್ತರಿಸುವ ಮುದ್ರಣಾಲಯಕ್ಕೆ ಕೆಲಸ ಒಪ್ಪಿಸಬೇಕು.

Page Color ಇಡೀ ದಸ್ತಾವೇಜಿಗೆ ಅನ್ವಯಿಸುತ್ತದೆ. ಮುಖಪುಟ ಮಾತ್ರ ನೀಲಿ, ಒಳಪುಟಗಳು ಬಿಳಿ ಎಂದರೆ ಅದರಿಂದ ಸಾಧ್ಯವಿಲ್ಲ. ಹಿನ್ನೆಲೆಯಾಗಿ ಇಟ್ಟ ಚಿತ್ರ ಪುಟಕ್ಕಿಂತ ಚಿಕ್ಕದಾಗಿದ್ದರೆ ಅದು ನೆಲಕ್ಕೆ ಹಾಸಿದ ಹಂಚುಗಳಂತೆ ಮತ್ತೆ ಮತ್ತೆ ಮೂಡುತ್ತದೆ. ಸಂಸ್ಥೆಯ ಲಾಂಛನವೊಂದನ್ನು ಪುಟದ ನಡುವೆ ಒಮ್ಮೆ ತೋರಿಸಬೇಕೆಂದು ಬಯಸಿದವರಿಗೆ ಹನ್ನೆರಡು ಲಾಂಛನಗಳು ಸಿಗುವುದುಂಟು.

ಲಾಂಛನದ ಕೆಲಸಕ್ಕೆ ಬೇರೆ ದಾರಿಯೇ ಸರಿ. ಪುಟದ ಮೇಲ್ಭಾಗದಲ್ಲಿ ಎರಡು ಬಾರಿ ಒತ್ತಿ ಶಿರೋಭಾಗವನ್ನು ತೆರೆದು, ಅಲ್ಲಿ ಚಿತ್ರವನ್ನು ಸೇರಿಸಿ, Wrap Text ಪಟ್ಟಿಯಲ್ಲಿ Behind Text ಆರಿಸಿ, ಚಿತ್ರವನ್ನು ಪುಟದಲ್ಲಿ ಬೇಕಾದೆಡೆಗೆ ಎಳೆದಿಡಬೇಕು. ಹೀಗೆ ಇಟ್ಟ ಚಿತ್ರ ಪ್ರತಿ ಪುಟದಲ್ಲಿಯೂ ಬರುತ್ತದೆ. ಪುಟದ ಬಣ್ಣಕ್ಕೆ ಬೇಕಾದ ಅನುಮತಿಯ ಹಂಗು ಅದಕ್ಕಿಲ್ಲ. ಆದರೆ ಬರಹದ ಭಾಗದಲ್ಲಿ ಕೆಲಸ ಮಾಡುವಾಗ ಶಿರೋಭಾಗದ ವಸ್ತುಗಳನ್ನು ವರ್ಡ್ ಮಸುಕಾಗಿ ತೋರಿಸುತ್ತದೆ, ಮುದ್ರಿಸುವಾಗ ಪೂರ್ಣ ಗಾಢತೆಯಲ್ಲಿ ಮುದ್ರಿಸುತ್ತದೆ. ಪರದೆಯ ಮಸುಕನ್ನು ನಂಬಿ ಗಾಢ ಲಾಂಛನವನ್ನು ಹಾಗೆಯೇ ಬಿಟ್ಟವರ ಪತ್ರದ ಅಕ್ಷರಗಳು ಅದರ ಮೇಲೆ ಓದಲಾಗದಂತೆ ಬೀಳುತ್ತವೆ. ಚಿತ್ರದ Color ಪಟ್ಟಿಯಲ್ಲಿ Washout ಆರಿಸಿ ಅದನ್ನು ನಿಜವಾಗಿಯೇ ತಿಳಿಯಾಗಿಸಬೇಕು.

ಹೊರಗೆ ಕಳುಹಿಸುವ ಮುನ್ನ

ತಮ್ಮ ಗಣಕಯಂತ್ರದಲ್ಲಿ ಗುರುತು ಹಾಕಿಕೊಂಡ ಮಾತ್ರಕ್ಕೆ ಹುಬ್ಬಳ್ಳಿಯ ತಯಾರಕರ ಸಮಸ್ಯೆ ಬಗೆಹರಿಯುವುದಿಲ್ಲ. ಅಲ್ಲಿ ಅದು ಮೊದಲೇ ಇತ್ತು. ಖರೀದಿದಾರರ ಗಣಕಯಂತ್ರದ ಆಯ್ಕೆಯ ಮೇಲೆ ತಯಾರಕರಿಗೆ ಯಾವ ಹಿಡಿತವೂ ಇಲ್ಲ. ಹಾಗಿರುವಾಗ ಹಿಡಿತವಿರುವ ಎರಡು ಕಡೆ ಅವರು ಕೈಹಾಕಬೇಕಾಗುತ್ತದೆ.

ಮೊದಲನೆಯದು ದರಪಟ್ಟಿಯ ರಚನೆ. ಪುಟದ ಬಣ್ಣ ಇಲ್ಲವಾದರೂ ಒಂದಕ್ಷರವೂ ಕಳೆದುಹೋಗಬಾರದು. ಷರತ್ತುಗಳನ್ನು ಕೋಷ್ಟಕದ ಕೊನೆಯ ಸಾಲಿಗೆ ತಂದು, ಅಕ್ಷರಗಳ ಬಣ್ಣವನ್ನು Automatic ಎಂದೇ ಬಿಟ್ಟರೆ ಬಿಳಿಯ ಕಾಗದದಲ್ಲಿ ಅವು ಕಪ್ಪಾಗಿ ಮೂಡುತ್ತವೆ. ನೀಲಿಯ ಮೇಲೆ ಬಿಳಿ ಅಕ್ಷರಗಳೇ ಬೇಕೆಂದಾದರೆ ಆ ನೀಲಿಯನ್ನು ಪುಟಕ್ಕೆ ಕೊಡುವ ಬದಲು ಕೋಷ್ಟಕದ ಚೌಕಕ್ಕೆ Shading ಮೂಲಕ ತುಂಬಬೇಕು. ಆಗ ಬಣ್ಣವೂ ಅಕ್ಷರವೂ ಒಟ್ಟಿಗೆ ಉಳಿಯುತ್ತವೆ. ಪರೀಕ್ಷೆಯೂ ಸುಲಭ. ಕಳುಹಿಸುವ ಮುನ್ನ ತಮ್ಮದೇ ಗಣಕಯಂತ್ರದಲ್ಲಿ Print background colors and images ಗುರುತನ್ನು ತೆಗೆದು ಮುನ್ನೋಟವನ್ನು ಒಮ್ಮೆ ನೋಡಿದರೆ, ಆ ಗುರುತಿಲ್ಲದ ಕಚೇರಿಯ ಹಾಳೆಯ ಮೇಲೆ ಏನು ಬರಲಿದೆಯೆಂಬುದು ಕಣ್ಣೆದುರೇ ಕಾಣುತ್ತದೆ.

ಎರಡನೆಯದು ಕಡತದ ರೂಪ. ದರಪಟ್ಟಿಯನ್ನು ಪಿಡಿಎಫ್ ಆಗಿ ಪರಿವರ್ತಿಸಿ ಕಳುಹಿಸಿದರೆ ಹಿನ್ನೆಲೆಯೂ ಪುಟದ ಅಂಗವಾಗಿ ಸೇರಿಕೊಳ್ಳುತ್ತದೆ, ಖರೀದಿದಾರರ ವರ್ಡ್ ಆಯ್ಕೆ ಅದನ್ನು ಮುಟ್ಟುವಂತಿಲ್ಲ. ದರಗಳನ್ನು ಯಾರೂ ಕೈತಪ್ಪಿ ತಿದ್ದುವ ಸಂಭವವೂ ಕಡಿಮೆ. ಇಲ್ಲಿ ಗಮನಿಸಬೇಕಾದದ್ದು, ವರ್ಡ್‌ನಿಂದ ಪಿಡಿಎಫ್ ತಯಾರಿಸುವಾಗಲೂ ಅದೇ ಗುರುತು ಅನ್ವಯಿಸುತ್ತದೆ. ಗುರುತಿಲ್ಲದೆ ಮಾಡಿದ ಪಿಡಿಎಫ್ ಬಿಳಿಯಾಗಿಯೇ ಹೊರಬರುತ್ತದೆ. ಅದನ್ನು ಪಡೆದವರು ಅನಂತರ ಯಾವ ಆಯ್ಕೆ ಬದಲಿಸಿದರೂ ಬಣ್ಣವಾಗಲಿ, ಬಣ್ಣದ ಮೇಲಿದ್ದ ಬಿಳಿ ಅಕ್ಷರಗಳಾಗಲಿ ಮರಳಿ ಕಾಣುವುದಿಲ್ಲ. ಆದ್ದರಿಂದ ಮೇಲಿನ ಪರೀಕ್ಷೆ ಮುಗಿದ ಮೇಲೆ ಗುರುತನ್ನು ಮತ್ತೆ ಹಾಕಿ, ಪಿಡಿಎಫ್ ಮಾಡಿ, ಆ ಪಿಡಿಎಫ್ ಕಡತವನ್ನೇ ಒಮ್ಮೆ ತೆರೆದು ಷರತ್ತುಗಳ ಸಾಲನ್ನು ಓದಿದ ಬಳಿಕ ಕಳುಹಿಸತಕ್ಕದ್ದು.